ಇಪ್ಪತ್ತು ನಿಮಿಷ ಕೇಳುವಾಗ ಯಾವ ಇಪ್ಪತ್ತು ನಿಮಿಷ ಎಂದೂ ಹೇಳಿ

ಪರಿಚಯವೇ ಇಲ್ಲದ ಹಿರಿಯರೊಬ್ಬರಿಗೆ ಮೆಸೇಜ್ ಕಳಿಸಬೇಕು. ನೀವು ಹೋಗಬೇಕೆಂದಿರುವ ಕ್ಷೇತ್ರದಲ್ಲಿ ಅವರು ಹದಿನೈದು, ಇಪ್ಪತ್ತು ವರ್ಷದಿಂದ ಇದ್ದಾರೆ. ಇಪ್ಪತ್ತು ನಿಮಿಷ ಮಾತಿಗೆ ಸಿಗುತ್ತೀರಾ ಎಂದು ಕೇಳಬೇಕು. ಇವತ್ತು ಇದೊಂದನ್ನೇ ಮಾತಾಡೋಣ. ಇಡೀ ಮೆಸೇಜ್‌ನಲ್ಲಿ ಜಾಸ್ತಿ ಜನ ಎಡವುವುದು ಸಮಯ ಕೇಳುವ ಸಾಲಿನಲ್ಲಿ. ಹಾಗಾಗಿ ನಾನು ಜಾಸ್ತಿ ಹೊತ್ತು ಅಲ್ಲೇ ನಿಲ್ಲುತ್ತೇನೆ.

ನಾನು ಇರುವುದು ಬೆಂಗಳೂರಿನಲ್ಲಿ, ಚಿಪ್ ವೆರಿಫಿಕೇಶನ್ ಕೆಲಸದಲ್ಲಿ. ಚಿಪ್‌ನ ವಿನ್ಯಾಸ ಕಾರ್ಖಾನೆಗೆ ಹೋಗುವ ಮೊದಲು, ಅದು ಸರಿಯಾಗಿ ಕೆಲಸ ಮಾಡುತ್ತದೆಯಾ ಎಂದು ಕಂಪ್ಯೂಟರಿನಲ್ಲೇ ಪರೀಕ್ಷೆ ಮಾಡುವ ಕೆಲಸ ಇದು. ಇಂಥ ಮೆಸೇಜ್‌ಗಳು ನನಗೂ ಬರುತ್ತವೆ, ನನ್ನ ಜೊತೆಯವರಿಗೂ ಬರುತ್ತವೆ. ಅವು ಆ ಕಡೆ ಹೇಗೆ ಕಾಣುತ್ತವೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ಮೀಟಿಂಗ್ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಫೋನ್ ತೆಗೆದು ನೋಡುತ್ತೇವೆ. ಪರದೆಯ ಮೇಲೆ ಮೆಸೇಜ್‌ನ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ತೆರೆದರೆ ಒಂದು ನಿಮಿಷದೊಳಗೆ ಮೂರರಲ್ಲಿ ಒಂದು ಆಗುತ್ತದೆ. ಆಗಲೇ ಉತ್ತರ ಕೊಡುತ್ತೇವೆ. ಇಲ್ಲಾಂದ್ರೆ ಬೇಡ ಎಂದು ಮುಚ್ಚುತ್ತೇವೆ. ಅಥವಾ, ಆಮೇಲೆ ನೋಡಿದರಾಯಿತು ಎಂದು ಬಿಡುತ್ತೇವೆ. ಈ ಮೂರನೆಯದೇ ಜಾಸ್ತಿ. ಆ 'ಆಮೇಲೆ' ಬಹಳ ಸಲ ಬರುವುದೇ ಇಲ್ಲ. ಮನಸ್ಸಿಲ್ಲ ಎಂದಲ್ಲ. ಉತ್ತರ ಕೊಡಬೇಕಾದರೆ ಮೊದಲು ಬೇರೆ ಏನೋ ಮಾಡಬೇಕಾಗಿರುತ್ತದೆ. ಕ್ಯಾಲೆಂಡರ್ ತೆಗೆದು ಹುಡುಕಬೇಕು, ಇವರಿಗೆ ಏನು ಬೇಕು ಎಂದು ಊಹಿಸಬೇಕು, ರೆಸ್ಯೂಮೆ ಓದಬೇಕು. ಅಷ್ಟರಲ್ಲಿ ಮುಂದಿನ ಮೀಟಿಂಗ್‌ಗೆ ಕರೆಯುತ್ತಾರೆ.

ಈಗ ಒಂದು ಉದಾಹರಣೆ. ಹಾಸನದ ಕಡೆಯ ಒಬ್ಬ ಹುಡುಗಿ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮಾಡಿ, ಬೆಂಗಳೂರಿನಲ್ಲಿ ಎರಡು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಳು. ಚಿಪ್ ವೆರಿಫಿಕೇಶನ್‌ಗೆ ಬರಬೇಕು ಎನ್ನುವುದು ಅವಳ ಆಸೆ. ಮ್ಯೂನಿಕ್‌ನಲ್ಲಿ ಇರುವ ಒಬ್ಬ ಹಿರಿಯರ ಪ್ರೊಫೈಲ್ ಅವಳಿಗೆ ಸಿಕ್ಕಿತು. ಅವರೂ ಬೆಂಗಳೂರಿನಲ್ಲಿ ಟೆಸ್ಟಿಂಗ್‌ನಿಂದಲೇ ಶುರು ಮಾಡಿ ವೆರಿಫಿಕೇಶನ್‌ಗೆ ಬಂದವರು. ಮೆಸೇಜ್ ಕಳಿಸುವ ಮೊದಲು ಒಮ್ಮೆ ನೋಡಿ ಎಂದು ಅವಳು ನನಗೆ ತೋರಿಸಿದಳು. ಬರೆದದ್ದು ಇಂಗ್ಲಿಷ್‌ನಲ್ಲಿ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

"ಗೌರವಾನ್ವಿತ ಸರ್, ತಮ್ಮ ಅಮೂಲ್ಯ ಸಮಯದಲ್ಲಿ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ. ನಾನು ಎಲೆಕ್ಟ್ರಾನಿಕ್ಸ್ ಇಂಜಿನಿಯರ್. ತಮ್ಮ ಪ್ರೊಫೈಲ್ ನೋಡಿ ಬಹಳ ಸ್ಫೂರ್ತಿ ಸಿಕ್ಕಿತು. ನನ್ನ ಕರಿಯರ್ ಬಗ್ಗೆ ತಮ್ಮ ಮಾರ್ಗದರ್ಶನ ಬೇಕು. ತಮಗೆ ಯಾವಾಗ ಬಿಡುವಾದರೂ ಸರಿ, ನಾನು ಯಾವ ಸಮಯಕ್ಕಾದರೂ ಸಿದ್ಧ. ರೆಸ್ಯೂಮೆ ಲಗತ್ತಿಸಿದ್ದೇನೆ. ತಮ್ಮ ಕಂಪನಿಯಲ್ಲಿ ಅವಕಾಶ ಇದ್ದರೆ ದಯವಿಟ್ಟು ತಿಳಿಸಿ."

ಇದರಲ್ಲಿ ಕೆಟ್ಟ ಮಾತು ಒಂದೂ ಇಲ್ಲ. ವಿನಯ ಇದೆ, ಮರ್ಯಾದೆ ಇದೆ. ಆದರೆ ಫೋನ್ ಪರದೆಯಲ್ಲಿ ಕಾಣುವ ಮೊದಲ ಎರಡು ಸಾಲು ಪೂರ್ತಿ ಕ್ಷಮೆಗೇ ಹೋಗಿದೆ. ಯಾರು ಬರೆದರು, ಯಾಕೆ ಬರೆದರು ಎನ್ನುವುದು ಅಲ್ಲಿ ಇಲ್ಲ. ಇದೇ ಮೆಸೇಜನ್ನು ಹೆಸರು ಬದಲಾಯಿಸದೆ ಯಾರಿಗೆ ಬೇಕಾದರೂ ಕಳಿಸಬಹುದು. ಓದುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಕೊನೆಯ ಸಾಲಿಗೆ ಬರುವ ಹೊತ್ತಿಗೆ ಕೇಳಿಕೆಯೇ ಬದಲಾಗಿದೆ. ಮಾರ್ಗದರ್ಶನ ಎಂದು ಶುರುವಾಗಿ ಕೆಲಸ ಕೊಡಿಸಿ ಎಂದು ಮುಗಿಯುತ್ತದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ರೆಫರಲ್ ಬೇಕಿದ್ದರೆ ರೆಫರಲ್ ಕೇಳಿ, ತಪ್ಪೇನಿಲ್ಲ. ಖಾಲಿ ಇರುವ ಹುದ್ದೆಯ ಲಿಂಕ್ ಹಾಕಿ, ನಿಮ್ಮ ಅರ್ಹತೆ ಎರಡು ಸಾಲಲ್ಲಿ ಬರೆದು, ನೇರವಾಗಿ ಕೇಳಿ. ಆದರೆ ಮಾತುಕತೆಯ ಹೆಸರಿನಲ್ಲಿ ರೆಫರಲ್ ಕೇಳಬೇಡಿ. ಇಪ್ಪತ್ತು ನಿಮಿಷ ಕೊಟ್ಟವರಿಗೆ ಹದಿನೆಂಟನೆಯ ನಿಮಿಷದಲ್ಲಿ ಅದು ಗೊತ್ತಾದರೆ ಬೇಜಾರಾಗುತ್ತದೆ. ಮುಂದೆ ಮೆಸೇಜ್ ಕಳಿಸುವ ಇನ್ನೊಬ್ಬರಿಗೂ ಅವರು ಬಾಗಿಲು ಹಾಕುತ್ತಾರೆ. ಅವಳಿಗೂ ಇದನ್ನೇ ಕೇಳಿದೆ, ನಿನಗೆ ನಿಜವಾಗಿ ಬೇಕಾಗಿದ್ದು ಏನಮ್ಮ ಎಂದು. ಸ್ವಲ್ಪ ಯೋಚಿಸಿ ಹೇಳಿದಳು: "ಮೇಡಂ, ನನ್ನ ಎರಡು ವರ್ಷದ ಟೆಸ್ಟಿಂಗ್ ಅನುಭವಕ್ಕೆ ಅಲ್ಲಿ ಬೆಲೆ ಇದೆಯಾ, ಇಲ್ಲಾ ನಾನು ಫ್ರೆಶರ್ ಆಗಿಯೇ ಶುರು ಮಾಡಬೇಕಾ, ಅದು ಗೊತ್ತಾಗಬೇಕು." ನೋಡಿ, ಇದು ಪ್ರಶ್ನೆ. ಆ ದಾರಿಯಲ್ಲಿ ನಡೆದವರು ಮಾತ್ರ ಇದಕ್ಕೆ ಉತ್ತರ ಹೇಳಬಲ್ಲರು. ವೆರಿಫಿಕೇಶನ್‌ನಲ್ಲಿ ಬಳಸುವ ಯುವಿಎಂ ಎಂಬ ವಿಧಾನವನ್ನು ಕಲಿಯುವುದು ಹೇಗೆ ಎಂದು ಕೇಳಿದ್ದರೆ ಅದಕ್ಕೆ ಮ್ಯೂನಿಕ್‌ನವರು ಬೇಕಿರಲಿಲ್ಲ. ಅದಕ್ಕೆ ಪುಸ್ತಕ ಇದೆ, ವಿಡಿಯೋ ಇದೆ.

ರೆಸ್ಯೂಮೆ ಲಗತ್ತಿಸುವುದು ಬೇಡ. ಲಗತ್ತಿಸಿದ ಕೂಡಲೇ ಅದು ಅರ್ಜಿಯಂತೆ ಕಾಣುತ್ತದೆ. ಪ್ರೊಫೈಲ್ ಲಿಂಕ್ ಸಾಕು. ಮಾಡಿರುವ ಪ್ರಾಜೆಕ್ಟ್ ಇದ್ದರೆ ಅದರ ಹೆಸರು ಸಾಕು.

ಈಗ ಸಮಯದ ಸಾಲಿಗೆ ಬರೋಣ. "ತಮಗೆ ಯಾವಾಗ ಬಿಡುವಾದರೂ ಸರಿ." ನಮ್ಮಲ್ಲಿ ಇದು ಮರ್ಯಾದೆಯ ಮಾತು. ದೊಡ್ಡವರಿಗೆ ಇಂಥ ಹೊತ್ತಿಗೆ ಸಿಗಿ ಎಂದು ಹೇಳಲು ನಮಗೆ ಸಂಕೋಚ. ಮನೆಯಲ್ಲಿ ಕಲಿತದ್ದೇ ಹಾಗೆ. ಆದರೆ ಓದುವವರ ಕಡೆಯಿಂದ ನೋಡಿ. ಈ ಸಾಲು ಓದಿದ ಮೇಲೆ ಅವರು ಏನು ಮಾಡಬೇಕು? ಕ್ಯಾಲೆಂಡರ್ ತೆಗೆಯಬೇಕು. ಮುಂದಿನ ಎರಡು ವಾರ ನೋಡಬೇಕು. ಬಿಡುವು ಹುಡುಕಬೇಕು. ಅದು ನಿಮಗೆ ನಡುರಾತ್ರಿ ಆಗುತ್ತದಾ ಎಂದು ಲೆಕ್ಕ ಹಾಕಬೇಕು. ಆಮೇಲೆ ನಿಮಗೆ ಬರೆಯಬೇಕು. ಆಗ ನೀವು "ಸಾರಿ ಸರ್, ಅವತ್ತು ಆಫೀಸಿನಲ್ಲಿ ರಿಲೀಸ್ ಇದೆ" ಎಂದರೆ ಮತ್ತೆ ಮೊದಲಿನಿಂದ ಶುರು. ನೀವು ಬಿಟ್ಟುಕೊಟ್ಟಿದ್ದೀರಿ ಎಂದು ನಿಮಗೆ ಅನಿಸುತ್ತದೆ. ಅವರ ತಲೆಗೆ ಹೊಸ ಕೆಲಸ ಬಿದ್ದಿರುತ್ತದೆ.

ಅದರ ಬದಲು ಮೂರು ಸ್ಲಾಟ್ ಕೊಡಿ. ಮೂರೂ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು ಇರಲಿ. ಮೂರನ್ನೂ ಸಂಜೆ ಆರಕ್ಕೇ ಇಟ್ಟರೆ, ಸಂಜೆ ಮಗುವನ್ನು ಕರೆತರಲು ಹೋಗುವವರಿಗೆ ಮೂರೂ ದಂಡ. ಒಂದು ಬೆಳಿಗ್ಗೆ, ಒಂದು ಸಂಜೆ, ಬೇಕಿದ್ದರೆ ಒಂದು ಶನಿವಾರ. ವಾರದ ಕೊನೆಯ ದಿನ ಒಂದಿದ್ದರೆ ಪರವಾಗಿಲ್ಲ. ಮೂರೂ ರಜಾದಿನ ಆದರೆ ಅವರ ರಜೆಯನ್ನೇ ಕೇಳಿದಂತೆ. ಐದಾರು ಸ್ಲಾಟ್ ಬೇಡ, ಓದುವಾಗಲೇ ಆಯಾಸ ಆಗುತ್ತದೆ. ಒಂದೇ ಒಂದು ಕೊಟ್ಟರೆ ಅಪ್ಪಣೆ ಮಾಡಿದ ಹಾಗೆ.

ಮೊದಲ ಸ್ಲಾಟ್ ಮೆಸೇಜ್ ಕಳಿಸಿದ ದಿನದಿಂದ ಒಂದು ವಾರವಾದರೂ ದೂರ ಇರಲಿ. ನಾಳೆ, ನಾಡಿದ್ದು ಎಂದರೆ ಅವರು ಮೆಸೇಜ್ ನೋಡುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಎರಡು ಮೂರು ವಾರಕ್ಕಿಂತ ಆಚೆಗೂ ಹೋಗಬೇಡಿ. ಇನ್ನೊಂದು ಮಾತು ಮರೆಯಬೇಡಿ. ಕೊಟ್ಟ ಮೂರೂ ಸ್ಲಾಟ್‌ಗಳನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹಿಡಿದಿಡಿ. ಅವರು "ಮೂರನೆಯದು ಆಗುತ್ತದೆ" ಎಂದು ಬರೆದಾಗ ನೀವು ಆಗುವುದಿಲ್ಲ ಎಂದರೆ ಅಲ್ಲಿಗೆ ಮುಗಿಯಿತು.

ಹಾಗಾದರೆ ಫ್ಲೆಕ್ಸಿಬಲ್ ಆಗಿರುವುದು ಎಲ್ಲಿ? ಮೂರು ಸ್ಲಾಟ್ ಆದ ಮೇಲೆ ಬರುವ ಒಂದು ಸಾಲಿನಲ್ಲಿ. "ಇವು ಆಗದಿದ್ದರೆ ನವೆಂಬರ್ ಎರಡನೆಯ ವಾರದಲ್ಲಿ ನಿಮಗೆ ಅನುಕೂಲವಾದ ಹೊತ್ತು ಹೇಳಿ, ನಾನು ಹೊಂದಿಸಿಕೊಳ್ಳುತ್ತೇನೆ." ಬಿಡುವಿರುವವರು ಮೂರರಲ್ಲಿ ಒಂದನ್ನು ಆರಿಸುತ್ತಾರೆ. ಈಗ ಬಿಡುವಿಲ್ಲದವರಿಗೂ ಒಂದು ವಾರದ ಗಡಿ ಸಿಗುತ್ತದೆ, ಇಡೀ ವರ್ಷ ಹುಡುಕಬೇಕಾಗಿಲ್ಲ.

ಇನ್ನು ಗಡಿಯಾರದ ವಿಷಯ. ವಿದೇಶದಲ್ಲಿರುವವರಿಗೆ ಬರೆಯುವವರು ಇದನ್ನು ಗಮನ ಇಟ್ಟು ಕೇಳಿ. ಸ್ಲಾಟ್‌ಗಳನ್ನು ಅವರ ಊರಿನ ಸಮಯದಲ್ಲಿ ಬರೆಯಿರಿ, ಪಕ್ಕದಲ್ಲಿ ಭಾರತದ ಸಮಯ ಇರಲಿ. ನಮ್ಮ ಗಡಿಯಾರ ವರ್ಷವಿಡೀ ಒಂದೇ. ಅಲ್ಲಿ ಹಾಗಲ್ಲ. ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್‌ನ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ. ಅಮೆರಿಕದ ಬಹುತೇಕ ಕಡೆ ಇದು ಮಾರ್ಚ್‌ನ ಎರಡನೆಯ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಅಂದರೆ ಯುರೋಪು, ಅಮೆರಿಕ ಎರಡೂ ಒಂದೇ ದಿನ ಬದಲಾಗುವುದಿಲ್ಲ.

ನಮ್ಮ ಹಾಸನದ ಹುಡುಗಿ ಬರೆಯುತ್ತಿದ್ದದ್ದು 2025ರ ಅಕ್ಟೋಬರ್ ಮಧ್ಯದಲ್ಲಿ. ಆ ವರ್ಷ ಗಡಿಯಾರ ಬದಲಾಗುವ ಭಾನುವಾರ ಅಕ್ಟೋಬರ್ 26ಕ್ಕೆ ಬಂದಿತ್ತು. ಅವಳ ಮೂರು ಸ್ಲಾಟ್‌ಗಳಲ್ಲಿ ಎರಡು ಅದಕ್ಕಿಂತ ಮುಂಚೆ, ಒಂದು ಆಮೇಲೆ. ಅಕ್ಟೋಬರ್ 23ರ ಗುರುವಾರ ಮ್ಯೂನಿಕ್‌ನ ಸಂಜೆ 5:30 ಎಂದರೆ ನಮಗೆ ರಾತ್ರಿ 9. ದೀಪಾವಳಿ ಆಗಷ್ಟೇ ಮುಗಿದಿರುತ್ತದೆ, ಅವಳೂ ಊರಿಂದ ವಾಪಸ್ ಬಂದಿರುತ್ತಾಳೆ. ಅಕ್ಟೋಬರ್ 25ರ ಶನಿವಾರ ಅಲ್ಲಿಯ ಬೆಳಿಗ್ಗೆ 10 ಎಂದರೆ ನಮಗೆ ಮಧ್ಯಾಹ್ನ 1:30. ಇವೆರಡಕ್ಕೂ ಮೂರೂವರೆ ಗಂಟೆಯ ಲೆಕ್ಕ. ಮೂರನೆಯದು ಅಕ್ಟೋಬರ್ 28ರ ಮಂಗಳವಾರ, ಅಲ್ಲಿಯ ಬೆಳಿಗ್ಗೆ 8:30. ಇದಕ್ಕೂ ಅವಳು ಹಳೆಯ ಲೆಕ್ಕವನ್ನೇ ಹಿಡಿದು ಭಾರತದ ಸಮಯ 12 ಎಂದು ಬರೆದಿದ್ದಳು. ಅಷ್ಟರಲ್ಲಿ ಅಲ್ಲಿ ಚಳಿಗಾಲದ ಗಡಿಯಾರ ಬಂದಿರುತ್ತದೆ. ಸರಿಯಾದ ಲೆಕ್ಕ ನಮ್ಮ ಮಧ್ಯಾಹ್ನ 1. ತಿದ್ದದೆ ಬಿಟ್ಟಿದ್ದರೆ ಅವಳು ಅಲ್ಲಿಯ ಬೆಳಿಗ್ಗೆ 7:30ಕ್ಕೇ ಫೋನ್ ಮಾಡುತ್ತಿದ್ದಳು. ಇದನ್ನು ಬಾಯಿಲೆಕ್ಕದಲ್ಲಿ ಮಾಡಬೇಡಿ. ಫೋನ್‌ನ ಕ್ಯಾಲೆಂಡರಿನಲ್ಲಿ ಆ ದಿನಾಂಕಕ್ಕೆ, ಆ ಊರಿನ ಸಮಯಕ್ಕೆ ಒಂದು ಎಂಟ್ರಿ ಮಾಡಿ ನೋಡಿ. ನಮ್ಮ ಸಮಯ ಎಷ್ಟು ಎಂದು ಅದೇ ತೋರಿಸುತ್ತದೆ.

ನವೆಂಬರ್ 1 ಇಡಬೇಕೆಂದಿದ್ದಳು, ನಮಗೆ ರಾಜ್ಯೋತ್ಸವದ ರಜೆ ಅಲ್ವಾ ಎಂದು. ಮ್ಯೂನಿಕ್ ಇರುವ ಬವೇರಿಯಾದಲ್ಲೂ ಅವತ್ತು ರಜೆಯೇ, ಅಲ್ಲಿ ಅದು ಎಲ್ಲ ಸಂತರ ಹಬ್ಬ. ಹಬ್ಬದ ದಿನ ಕೆಲಸದ ಮಾತು ಬೇಡ ಎಂದು ಬಿಟ್ಟೆವು. ಅವರ ಊರಿನ ರಜೆಗಳನ್ನು ಒಮ್ಮೆ ನೋಡಿಕೊಳ್ಳುವುದು ಎರಡು ನಿಮಿಷದ ಕೆಲಸ.

ಕೊನೆಗೆ ಹೋದ ಮೆಸೇಜ್ ಇದು.

"ನಮಸ್ಕಾರ ಸರ್. ನೀವು ಸಾಫ್ಟ್‌ವೇರ್ ಟೆಸ್ಟಿಂಗ್‌ನಿಂದ ಚಿಪ್ ವೆರಿಫಿಕೇಶನ್‌ಗೆ ಬಂದವರು ಎಂದು ನಿಮ್ಮ ಪ್ರೊಫೈಲ್‌ನಲ್ಲಿ ನೋಡಿದೆ. ನಾನೂ ಅದೇ ದಾರಿ ಹಿಡಿಯಬೇಕೆಂದಿದ್ದೇನೆ. ಬೆಂಗಳೂರಿನಲ್ಲಿ ಎರಡು ವರ್ಷದಿಂದ ಟೆಸ್ಟಿಂಗ್ ಮಾಡುತ್ತಿದ್ದೇನೆ, ಓದಿದ್ದು ಎಲೆಕ್ಟ್ರಾನಿಕ್ಸ್. ಸಿಸ್ಟಮ್‌ವೆರಿಲಾಗ್ ಕಲಿತು, ಒಂದು ಚಿಕ್ಕ ಎಪಿಬಿ ಮಾಡ್ಯೂಲ್‌ಗೆ ಯುವಿಎಂ ಟೆಸ್ಟ್‌ಬೆಂಚ್ ಬರೆದಿದ್ದೇನೆ. ಟೆಸ್ಟಿಂಗ್‌ನ ಅನುಭವದಲ್ಲಿ ನಿಮಗೆ ಅಲ್ಲಿ ಉಪಯೋಗಕ್ಕೆ ಬಂದದ್ದು ಯಾವುದು, ಹೊಸದಾಗಿ ಕಲಿಯಬೇಕಾಗಿ ಬಂದದ್ದು ಯಾವುದು ಎಂದು ತಿಳಿದುಕೊಳ್ಳಬೇಕಿತ್ತು. ಇಪ್ಪತ್ತು ನಿಮಿಷ ಫೋನಿನಲ್ಲಿ ಸಿಗುತ್ತೀರಾ? ಮ್ಯೂನಿಕ್ ಸಮಯದಲ್ಲಿ: ಅಕ್ಟೋಬರ್ 23 ಗುರುವಾರ ಸಂಜೆ 5:30 (ಭಾರತ ರಾತ್ರಿ 9), ಅಕ್ಟೋಬರ್ 25 ಶನಿವಾರ ಬೆಳಿಗ್ಗೆ 10 (ಭಾರತ ಮಧ್ಯಾಹ್ನ 1:30), ಅಕ್ಟೋಬರ್ 28 ಮಂಗಳವಾರ ಬೆಳಿಗ್ಗೆ 8:30 (ಭಾರತ ಮಧ್ಯಾಹ್ನ 1). ಇವು ಆಗದಿದ್ದರೆ ನವೆಂಬರ್ ಎರಡನೆಯ ವಾರದಲ್ಲಿ ನಿಮಗೆ ಅನುಕೂಲವಾದ ಹೊತ್ತು ಹೇಳಿ, ಹೊಂದಿಸಿಕೊಳ್ಳುತ್ತೇನೆ. ಮಾತಿಗೆ ಬಿಡುವಿಲ್ಲದಿದ್ದರೆ ಎರಡು ಸಾಲು ಬರೆದರೂ ನನಗೆ ಸಹಾಯವಾಗುತ್ತದೆ."

ಕ್ಷಮೆ ಇಲ್ಲ, ಹೊಗಳಿಕೆ ಇಲ್ಲ. ಆದರೂ ಮರ್ಯಾದೆ ಕಡಿಮೆ ಆಗಿಲ್ಲ, ಅಲ್ವಾ? ಅವರ ಬಗ್ಗೆ ಓದಿಕೊಂಡಿದ್ದಾಳೆ, ಅವರ ಗಡಿಯಾರ ನೋಡಿದ್ದಾಳೆ. ಮರ್ಯಾದೆ ಅಲ್ಲಿದೆ. ಈ ಮೆಸೇಜ್‌ಗೆ "28 ಓಕೆ" ಎಂದು ಎರಡು ಪದದಲ್ಲಿ ಉತ್ತರ ಕೊಡಬಹುದು. ನೀವು ಬರೆದದ್ದಕ್ಕೂ ಹಾಗೆ ಎರಡು ಪದದಲ್ಲಿ ಉತ್ತರ ಕೊಡಲು ಆಗುತ್ತದಾ ಎಂದು ಕಳಿಸುವ ಮೊದಲು ನೋಡಿ. ಆಗದಿದ್ದರೆ ಏನೋ ಒಂದನ್ನು ನೀವು ತೀರ್ಮಾನಿಸದೆ ಅವರಿಗೆ ಬಿಟ್ಟಿದ್ದೀರಿ.

ಇಪ್ಪತ್ತೇ ಯಾಕೆ ಎಂದು ಕೇಳಬಹುದು. ಆಫೀಸಿನ ಕ್ಯಾಲೆಂಡರ್‌ಗಳು ಸಾಮಾನ್ಯವಾಗಿ ಅರ್ಧ ಗಂಟೆಯ ಲೆಕ್ಕದಲ್ಲಿ ನಡೆಯುತ್ತವೆ. ಒಂದು ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಮಾತಾಡಿದರೆ, ಮುಂದಿನದಕ್ಕೆ ಹೋಗುವ ಮೊದಲು ಹತ್ತು ನಿಮಿಷ ಅವರದ್ದೇ ಉಳಿಯುತ್ತದೆ. ಹತ್ತು ನಿಮಿಷ ಕೇಳಿದರೆ ಊರು, ಕಾಲೇಜು ಎನ್ನುವುದರಲ್ಲೇ ಅರ್ಧ ಹೋಗುತ್ತದೆ. ಒಂದು ಗಂಟೆ ಕೇಳುವಷ್ಟು ಪರಿಚಯ ನಿಮಗೆ ಇನ್ನೂ ಇಲ್ಲ.

ಲಿಂಕ್ಡ್‌ಇನ್‌ನಲ್ಲಿ ಕನೆಕ್ಷನ್ ಕೇಳುವಾಗ ಬರೆಯುವ ಟಿಪ್ಪಣಿಯಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ. ಅಲ್ಲಿ ಮೊದಲ ಎರಡು ಸಾಲು ಮತ್ತು ಪ್ರಶ್ನೆ ಮಾತ್ರ ಹಾಕಿ. ಅವರು ಒಪ್ಪಿಕೊಂಡ ಮೇಲೆ ಸ್ಲಾಟ್‌ಗಳನ್ನು ಬರೆಯಿರಿ. ಅವರೇ ಈಮೇಲ್ ವಿಳಾಸವನ್ನು ಎಲ್ಲರಿಗೂ ಕಾಣುವಂತೆ ಹಾಕಿದ್ದರೆ ಈಮೇಲ್ ಒಳ್ಳೆಯದು. ಎಲ್ಲಿಂದಲೋ ಹುಡುಕಿದ ವಾಟ್ಸಾಪ್ ನಂಬರ್ ಬೇಡವೇ ಬೇಡ.

ಸ್ಲಾಟ್ ಆರಿಸಿಕೊಳ್ಳಿ ಎಂದು ಬುಕಿಂಗ್ ಲಿಂಕ್ ಕಳಿಸಬಹುದಾ ಎಂದು ಮುಂದಿನ ಸಾಲಿನವರು ಕೇಳುತ್ತಿದ್ದಾರೆ. ಮೊದಲ ಮೆಸೇಜ್‌ನಲ್ಲಿ ಬೇಡ ಎನ್ನುವುದು ನನ್ನ ಅಭಿಪ್ರಾಯ. ಸಹಾಯ ಕೇಳುತ್ತಿರುವವರು ನೀವು, ಪುಟ ತೆರೆದು ಹೆಸರು, ಈಮೇಲ್ ತುಂಬಬೇಕಾದವರು ಅವರು. ಅವರೇ ತಮ್ಮ ಲಿಂಕ್ ಕಳಿಸಿದರೆ ಖುಷಿಯಿಂದ ಅದರಲ್ಲೇ ಬುಕ್ ಮಾಡಿ.

ಅವಳಿಗೆ ಉತ್ತರ ಬಂತು. ಮಂಗಳವಾರ ಆಗುತ್ತದೆ, ಟೆಸ್ಟ್‌ಬೆಂಚ್‌ನ ಕವರೇಜ್ ರಿಪೋರ್ಟ್ ಇದ್ದರೆ ಮೊದಲೇ ಕಳಿಸು ಎಂದಿದ್ದರು. ಪರೀಕ್ಷಿಸಬೇಕು ಎಂದು ನಾವು ಬರೆದುಕೊಂಡ ಸಂದರ್ಭಗಳಲ್ಲಿ ಎಷ್ಟರ ಪರೀಕ್ಷೆ ಆಗಿದೆ ಎಂದು ಹೇಳುವ ಲೆಕ್ಕ ಅದು. ಅವತ್ತೇ ಕ್ಯಾಲೆಂಡರ್ ಇನ್ವೈಟ್ ಕಳಿಸಲು ಹೇಳಿದೆ. ಒಪ್ಪಿಗೆ ಬಂದ ಮೇಲೆ ಇನ್ವೈಟ್ ಕಳಿಸಬೇಕು, ಮೊದಲೇ ಅಲ್ಲ. ಅದರ ಹೆಸರಿನಲ್ಲಿ ಇಬ್ಬರ ಹೆಸರೂ ಇರಲಿ, ಅವಧಿ ಇಪ್ಪತ್ತು ನಿಮಿಷವೇ ಇರಲಿ. ಒಳಗೆ ಮೂರು ಪ್ರಶ್ನೆ, ಯಾರು ಯಾರಿಗೆ ಫೋನ್ ಮಾಡುತ್ತಾರೆ ಎನ್ನುವುದು ಮತ್ತು ಒಂದು ಫೋನ್ ನಂಬರ್. ಇನ್ವೈಟ್‌ನಲ್ಲಿ ಅವರವರ ಊರಿನ ಸಮಯ ತಾನಾಗಿಯೇ ಕಾಣುವುದರಿಂದ ಗಡಿಯಾರದ ಗೊಂದಲ ಅಲ್ಲಿಗೆ ತೀರುತ್ತದೆ.

ಮಾತಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹದಿನೆಂಟನೆಯ ನಿಮಿಷಕ್ಕೆ "ಸರ್, ಇನ್ನೆರಡು ನಿಮಿಷ ಇದೆ, ಕೊನೆಯ ಪ್ರಶ್ನೆ ಕೇಳಲಾ" ಎಂದು ನೀವೇ ಹೇಳಿ. ಅವರು ಮುಂದುವರಿಸಿದರೆ ಅದು ಅವರ ಇಷ್ಟ. ಅವಳಿಗೆ ಸಿಕ್ಕಿದ್ದನ್ನು ಕೇಳಿ. ಬಗ್‌ನ ಬೇರು ಹುಡುಕುವ ಅಭ್ಯಾಸ, ಟೆಸ್ಟ್ ಪ್ಲಾನ್ ಬರೆಯುವ ಶಿಸ್ತು, ಸ್ಕ್ರಿಪ್ಟಿಂಗ್ ಇವೆಲ್ಲ ಇಲ್ಲೂ ನಡೆಯುತ್ತವೆ. ಆದರೆ ಕ್ಲಾಕ್, ರೀಸೆಟ್, ಒಂದೇ ಕ್ಷಣದಲ್ಲಿ ಹಲವು ಕೆಲಸ ನಡೆಯುವ ಹಾರ್ಡ್‌ವೇರ್‌ನ ರೀತಿ ಹೊಸದಾಗಿ ಕಲಿಯಬೇಕು. ಅವಳ ರಿಪೋರ್ಟ್‌ನಲ್ಲಿ ಕವರೇಜ್ ಪೂರ್ತಿ ನೂರು ಇತ್ತು. ಅವರು ನೋಡಿದ ಕೂಡಲೇ, ಎರರ್ ರೆಸ್ಪಾನ್ಸ್ ಬರುವ ಸಂದರ್ಭವನ್ನು ನೀನು ಕವರೇಜ್‌ನಲ್ಲಿ ಬರೆದೇ ಇಲ್ಲವಲ್ಲ, ಬರೆಯದೇ ಇದ್ದದ್ದನ್ನು ಅದು ಎಣಿಸುವುದು ಹೇಗೆ ಎಂದು ಕೇಳಿದರಂತೆ. ಈ ಒಂದು ಪ್ರಶ್ನೆಯಿಂದ ಅವಳಿಗೆ ಮುಂದಿನ ತಿಂಗಳ ಕೆಲಸ ಸಿಕ್ಕಿತು. ಸಂಜೆಯೇ ಎರಡು ಸಾಲಿನ ಥ್ಯಾಂಕ್ಸ್ ಕಳಿಸಿದಳು. ಆ ಭಾಗ ತಿದ್ದಿದ ಮೇಲೆ, ತಿದ್ದಿದ್ದೇನೆ ಎಂದು ಮತ್ತೊಂದು ಸಾಲು ಬರೆದಳು.

ಉತ್ತರ ಬಾರದೇ ಹೋದರೆ? ಎಂಟು ಹತ್ತು ದಿನ ಕಾದು ಒಂದೇ ಒಂದು ಸಲ ನೆನಪಿಸಿ. ಅಷ್ಟರಲ್ಲಿ ಹಳೆಯ ಸ್ಲಾಟ್‌ಗಳು ಮುಗಿದಿರುತ್ತವೆ ಇಲ್ಲವೇ ಹತ್ತಿರ ಬಂದಿರುತ್ತವೆ. ಮೇಲಿನ ಮೆಸೇಜ್ ನೋಡಿದಿರಾ ಎಂದಷ್ಟೇ ಕೇಳಿದರೆ ಅವರು ಹಿಂದಕ್ಕೆ ಹೋಗಿ ಮುಗಿದ ದಿನಾಂಕಗಳನ್ನು ನೋಡಬೇಕಾಗುತ್ತದೆ. ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಮತ್ತೆ ಹೇಳಿ, ಎರಡು ಹೊಸ ಸ್ಲಾಟ್ ಕೊಡಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಬಿಟ್ಟುಬಿಡಿ. ಓದಿದ್ದಾರೆ ಎಂಬ ಗುರುತು ಕಂಡರೂ ಯಾಕೆ ಉತ್ತರಿಸಲಿಲ್ಲ ಎಂದು ಕೇಳಬೇಡಿ. "ಮುಂದಿನ ತಿಂಗಳು ನೋಡೋಣ" ಎಂದರೆ ಅದು ಬೇಡ ಎಂದಲ್ಲ. ಮುಂದಿನ ತಿಂಗಳ ಮೊದಲ ವಾರಕ್ಕೆ ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ನೆನಪಿಟ್ಟುಕೊಳ್ಳುವ ಕೆಲಸ ನಿಮ್ಮದು.

ಒಂದೇ ಕಂಪನಿಯ ನಾಲ್ಕೈದು ಜನರಿಗೆ ಒಟ್ಟಿಗೆ ಕಳಿಸಬಹುದಾ ಎಂದು ಹಿಂದಿನ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. ಬೇರೆ ಬೇರೆ ತಂಡದವರಾದರೆ, ಪ್ರಶ್ನೆಗಳೂ ನಿಜವಾಗಿ ಬೇರೆ ಇದ್ದರೆ, ಪರವಾಗಿಲ್ಲ. ಒಂದೇ ತಂಡದವರಾದರೆ ಒಬ್ಬರಿಗೆ ಕಳಿಸಿ, ಅವರದ್ದು ಇತ್ಯರ್ಥ ಆಗುವವರೆಗೆ ಕಾಯಿರಿ. ಅವರೆಲ್ಲ ಒಂದೇ ಟೇಬಲ್ಲಿನಲ್ಲಿ ಊಟಕ್ಕೆ ಕೂರುತ್ತಾರೆ, ಮೆಸೇಜ್‌ಗಳನ್ನು ಒಬ್ಬರಿಗೊಬ್ಬರು ತೋರಿಸುತ್ತಾರೆ. ಇನ್ನೊಂದು ತೊಂದರೆಯೂ ಇದೆ. ಒಂದೇ ಸ್ಲಾಟನ್ನು ಇಬ್ಬರಿಗೆ ಕೊಟ್ಟು, ಇಬ್ಬರೂ ಅದನ್ನೇ ಆರಿಸಿದರೆ ಒಬ್ಬರಿಗೆ ಇಲ್ಲ ಎನ್ನಬೇಕಾಗುತ್ತದೆ. ಹಾಗಾಗಿ ಇಬ್ಬರಿಗೆ ಬರೆಯುವಾಗ ಸ್ಲಾಟ್‌ಗಳೂ ಬೇರೆ ಬೇರೆ ಇರಲಿ.